ಹೊಸ ಸಣ್ಣ ಕಾರೋ, ಎರಡು ವರ್ಷ ಓಡಿದ್ದೋ: ಲೆಕ್ಕ ಬದಲಿಸುವುದು ಸಾಲದ ಬಡ್ಡಿ

ಮೊದಲ ಕಾರು ಕೊಳ್ಳಲು ಹೊರಟವರಿಗೆ ನೆಂಟರಿಷ್ಟರು ಹೇಳುವ ಬುದ್ಧಿಮಾತು ಹೆಚ್ಚುಕಡಿಮೆ ಒಂದೇ. ಹೊಸದಕ್ಕೆ ಕೈಹಾಕಬೇಡಿ, ಎರಡು ವರ್ಷ ಓಡಿದ ಒಳ್ಳೆಯ ಗಾಡಿ ನೋಡಿ; ಶೋರೂಮಿನಿಂದ ರಸ್ತೆಗಿಳಿದ ದಿನವೇ ಬೆಲೆ ಬಿದ್ದುಹೋಗುತ್ತದೆ, ಆ ನಷ್ಟವನ್ನು ಮೊದಲ ಮಾಲೀಕ ಹೊರಲಿ ಎನ್ನುತ್ತಾರೆ. ಈ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಪೂರ್ತಿ ಹಣ ಕೈಯಲ್ಲಿಟ್ಟುಕೊಂಡು ಕೊಳ್ಳುವವರಿಗೆ ಇದು ಇಂದಿಗೂ ಸರಿಯಾದ ಸಲಹೆಯೇ. ಆದರೆ ಆರೇಳು ಲಕ್ಷದ ಸಣ್ಣ ಕಾರನ್ನು ಹೆಚ್ಚಿನವರು ಕೊಳ್ಳುವುದು ಸಾಲ ಮಾಡಿ. ಹಾಗೆ ಕೊಳ್ಳುವವರಿಗೆ ಸಾಲ ಕಡಿಮೆಯಾದರೂ ಬಡ್ಡಿ ಕಡಿಮೆಯಾಗುವುದಿಲ್ಲ, ಸವಕಳಿಯಲ್ಲಿ ಉಳಿಸಿದ್ದರ ಸುಮಾರು ಅರ್ಧವನ್ನು ರಿಪೇರಿಯಲ್ಲಿ ಕಳೆದುಕೊಳ್ಳುತ್ತಾರೆ. ಕೈಯಲ್ಲಿ ಹಣ ಕಡಿಮೆ ಇದ್ದವರು ಹಳೆಯದನ್ನು, ಇದ್ದವರು ಹೊಸದನ್ನು ಕೊಳ್ಳುವುದು ವಾಡಿಕೆ. ಲೆಕ್ಕ ಹಾಕಿ ನೋಡಿದರೆ ಆಗಬೇಕಾದ್ದು ಬಹುಮಟ್ಟಿಗೆ ಇದರ ತಿರುವುಮುರುವು.

ಒಂದು ಉದಾಹರಣೆ ಹಿಡಿದು ಲೆಕ್ಕ ಮಾಡೋಣ. ಎಕ್ಸ್ ಶೋರೂಂ ಬೆಲೆ ಆರು ಲಕ್ಷ ರೂಪಾಯಿ ಇರುವ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಒಂದನ್ನು ತೆಗೆದುಕೊಳ್ಳಿ. ಕರ್ನಾಟಕದಲ್ಲಿ ಐದರಿಂದ ಹತ್ತು ಲಕ್ಷದ ನಡುವಿನ ಕಾರಿಗೆ ಜೀವಿತಾವಧಿ ತೆರಿಗೆ ಶೇ 14. ಅದರ ಮೇಲೆ ಉಪತೆರಿಗೆ ಬೇರೆ. ಎರಡೂ ಸೇರಿ 90 ಸಾವಿರ ರೂಪಾಯಿ ದಾಟುತ್ತದೆ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೇ ಕಟ್ಟಬೇಕೆಂಬುದು 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ನಿಯಮ. ಇದರ ಜೊತೆಗೆ ಮೊದಲ ವರ್ಷದ ಸ್ವಂತ ಹಾನಿ ವಿಮೆ, ನೋಂದಣಿ ಶುಲ್ಕ, ಫಾಸ್ಟ್ಯಾಗ್ ಎಲ್ಲ ಕೂಡಿದರೆ ಆನ್‌ರೋಡ್ ಬೆಲೆ 7.30 ಲಕ್ಷದ ಆಸುಪಾಸಿಗೆ ಬರುತ್ತದೆ. ಅಂದರೆ ನೀವು ಕೊಡುವ ಹಣದಲ್ಲಿ 1.30 ಲಕ್ಷ ಕಾರಿನ ಬೆಲೆಯೇ ಅಲ್ಲ. ಮೊದಲ ವರ್ಷದಲ್ಲೇ ಕಾರಿನ ಬೆಲೆ ಕುಸಿಯಿತು ಎಂದು ಜನ ಗಾಬರಿಯಾಗುವುದಕ್ಕೆ ಮುಖ್ಯ ಕಾರಣ ಇದೇ. ಕಾರು ಸವೆದದ್ದಕ್ಕಿಂತ ಹೆಚ್ಚಾಗಿ, ತೆರಿಗೆ ಮತ್ತು ವಿಮೆಗೆ ಹೋದ ಹಣ ಮಾರುವಾಗ ಪೂರ್ತಿ ಮರಳುವುದಿಲ್ಲ.

ಈಗ ಅದೇ ಮಾದರಿಯ, ಎರಡು ವರ್ಷ ತುಂಬಿದ, ಇಪ್ಪತ್ತು ಇಪ್ಪತ್ತೈದು ಸಾವಿರ ಕಿಲೋಮೀಟರ್ ಓಡಿದ, ಒಬ್ಬನೇ ಮಾಲೀಕನ ಕಾರು. ಇಲ್ಲೊಂದು ಸೂಕ್ಷ್ಮವಿದೆ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು. ಅದಕ್ಕೆ ಮೊದಲು, ನಾಲ್ಕು ಮೀಟರ್‌ಗಿಂತ ಉದ್ದವಿಲ್ಲದ, 1,200 ಸಿಸಿಯೊಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಮತ್ತು ಪರಿಹಾರ ಸೆಸ್ ಸೇರಿ ಶೇ 29 ಇತ್ತು. ಕಂಪನಿ ಈ ಇಳಿಕೆಯನ್ನು ಪೂರ್ತಿಯಾಗಿ ದಾಟಿಸಿದ್ದರೆ, ಇಂದು ಆರು ಲಕ್ಷಕ್ಕೆ ಸಿಗುವ ಕಾರಿಗೆ ಅದಕ್ಕೆ ಮೊದಲು 6.56 ಲಕ್ಷ ಬೆಲೆ ಇತ್ತು. ಮಾಲೀಕನಿಗೆ ಆನ್‌ರೋಡ್ ಎಂಟು ಲಕ್ಷದ ಹತ್ತಿರ ಬಿದ್ದಿರುತ್ತದೆ. ಆತ ಬೆಲೆ ಹೇಳುವುದು ಆ ಎಂಟು ಲಕ್ಷದಿಂದ ಕೆಳಗಿಳಿದು. ‘ಎಂಟು ಲಕ್ಷದ ಗಾಡಿ, ಐದೂವರೆಗೆ ಬಿಡ್ತಿದ್ದೀನಿ’ ಎನ್ನುವ ಮಾತು ಕೇಳಲು ಭಾರಿ ರಿಯಾಯಿತಿಯಂತಿರುತ್ತದೆ. ಕೊಳ್ಳುವವರು ಹೋಲಿಸಬೇಕಾದ್ದು ಇಂದಿನ ಹೊಸ ಕಾರಿನ 7.30 ಲಕ್ಷದೊಂದಿಗೆ, ಆತ ಅಂದು ಕೊಟ್ಟ ಎಂಟು ಲಕ್ಷದೊಂದಿಗೆ ಅಲ್ಲ. ಚೌಕಾಸಿಯ ನಂತರ 5.20 ಲಕ್ಷಕ್ಕೆ ಒಪ್ಪಿದ ಎಂದುಕೊಳ್ಳೋಣ. ಆರ್‌ಸಿ ವರ್ಗಾವಣೆ, ವಿಮೆ, ಕೊಂಡ ಕೂಡಲೇ ಮಾಡಿಸುವ ಒಂದು ಸರ್ವಿಸ್‌ ಸೇರಿದರೆ 5.40 ಲಕ್ಷ. ಹೊಸದಕ್ಕೂ ಇದಕ್ಕೂ ಅಂತರ 1.90 ಲಕ್ಷ. ಇಲ್ಲಿಯವರೆಗೆ ಹಳೆಯ ಕಾರೇ ಮುಂದಿದೆ.

ಇನ್ನು ಸಾಲ. ಎರಡಕ್ಕೂ ಕೈಯಿಂದ ಹಾಕುವುದು ಎರಡು ಲಕ್ಷ, ಉಳಿದದ್ದು ಐದು ವರ್ಷದ ಸಾಲ ಎಂದಿಟ್ಟುಕೊಳ್ಳಿ. ಕ್ರೆಡಿಟ್ ಸ್ಕೋರ್ ಚೆನ್ನಾಗಿರುವವರಿಗೆ ಹೊಸ ಕಾರಿನ ಸಾಲ ಶೇ 9ರ ಆಸುಪಾಸಿನಲ್ಲಿ ಸಿಗುತ್ತದೆ. ಅದೇ ವ್ಯಕ್ತಿ ಹಳೆಯ ಕಾರಿಗೆ ಸಾಲ ಕೇಳಿದರೆ ಬ್ಯಾಂಕಾದರೂ ಎರಡು ಮೂರು ಪಾಯಿಂಟ್ ಹೆಚ್ಚು ಹೇಳುತ್ತದೆ. ಡೀಲರ್ ಮೂಲಕ ಫೈನಾನ್ಸ್ ಕಂಪನಿಗೆ ಹೋದರೆ ಶೇ 14, ಕೆಲವೊಮ್ಮೆ ಅದಕ್ಕೂ ಮೇಲೆ. ಇದಕ್ಕೆ ಕಾರಣವಿಲ್ಲದಿಲ್ಲ. ಹೊಸ ಕಾರಿನ ಬೆಲೆ ಏನೆಂದು ಇನ್‌ವಾಯ್ಸ್ ಹೇಳುತ್ತದೆ. ಹಳೆಯದರ ಬೆಲೆ ಒಬ್ಬ ವ್ಯಾಲ್ಯುಯರ್‌ನ ಅಂದಾಜು. ಕಂತು ನಿಂತು ಗಾಡಿ ಜಪ್ತಿ ಮಾಡಿ ಹರಾಜು ಹಾಕಬೇಕಾಗಿ ಬಂದರೆ ಸಾಲ ಕೊಟ್ಟವರಿಗೆ ಏನು ಸಿಗುತ್ತದೆ ಎಂಬ ಖಾತ್ರಿ ಇನ್ನೂ ಕಡಿಮೆ. ಆ ಅನುಮಾನದ ಬೆಲೆಯನ್ನು ಕಟ್ಟುವವರು ಸಾಲಗಾರರು. ಹೊಸ ಕಾರಿಗೆ 5.30 ಲಕ್ಷ ಸಾಲ, ಶೇ 9: ಐದು ವರ್ಷದ ಬಡ್ಡಿ ಸುಮಾರು 1.30 ಲಕ್ಷ. ಹಳೆಯ ಕಾರಿಗೆ 3.40 ಲಕ್ಷ ಸಾಲ, ಶೇ 14: ಬಡ್ಡಿ ಸುಮಾರು 1.35 ಲಕ್ಷ. ಈ ಎರಡು ಅಂಕಿಗಳನ್ನು ನಿಧಾನವಾಗಿ ನೋಡಬೇಕು. ಸುಮಾರು ಎರಡು ಲಕ್ಷ ಕಡಿಮೆ ಸಾಲ ಪಡೆದವರು ಹೆಚ್ಚು ಸಾಲ ಪಡೆದವರಿಗಿಂತ ತುಸು ಜಾಸ್ತಿಯೇ ಬಡ್ಡಿ ಕಟ್ಟುತ್ತಿದ್ದಾರೆ.

ಹೀಗಿದ್ದೂ ಇದು ಕೊಳ್ಳುವವರ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಬಡ್ಡಿ ಹೇಳುವ ರೀತಿಯೇ ಕಾರಣ. ಹಳೆಯ ಕಾರಿನ ಮಾರುಕಟ್ಟೆಯಲ್ಲಿ ಬಡ್ಡಿಯನ್ನು ‘ಫ್ಲಾಟ್’ ದರದಲ್ಲಿ ಹೇಳುವ ರೂಢಿ ಇನ್ನೂ ಹೋಗಿಲ್ಲ. ‘ಎಂಟು ಪರ್ಸೆಂಟ್ ಫ್ಲಾಟ್’ ಎಂದರೆ ಬ್ಯಾಂಕಿನ ಒಂಬತ್ತಕ್ಕಿಂತ ಅಗ್ಗವೆಂದೇ ಅನ್ನಿಸುತ್ತದೆ. ಫ್ಲಾಟ್ ಲೆಕ್ಕದಲ್ಲಿ ಐದೂ ವರ್ಷ ಪೂರ್ತಿ 3.40 ಲಕ್ಷದ ಮೇಲೆಯೇ ಬಡ್ಡಿ ಬೀಳುತ್ತದೆ. ನಾಲ್ಕನೆಯ ವರ್ಷ ನೀವು ಅರ್ಧಕ್ಕಿಂತ ಹೆಚ್ಚು ಅಸಲು ತೀರಿಸಿದ್ದರೂ ಅದು ಗಣನೆಗೆ ಬರುವುದಿಲ್ಲ. ವರ್ಷಕ್ಕೆ 27,200 ರೂಪಾಯಿಯಂತೆ ಐದು ವರ್ಷಕ್ಕೆ 1.36 ಲಕ್ಷ. ಇಳಿಯುವ ಅಸಲಿನ ಮೇಲೆ ಶೇ 14ರಂತೆ ಬಂದ ಮೊತ್ತವೂ ಹೆಚ್ಚುಕಡಿಮೆ ಇಷ್ಟೇ. ಅಂದರೆ ಎಂಟು ಫ್ಲಾಟ್ ಮತ್ತು ಬ್ಯಾಂಕಿನ ಭಾಷೆಯ ಹದಿನಾಲ್ಕು ಒಂದೇ ಸಾಲದ ಎರಡು ಹೆಸರು. ಇದರ ಮೇಲೆ ಪ್ರೊಸೆಸಿಂಗ್ ಶುಲ್ಕ, ಸಾಲದ ಜೊತೆ ಅಂಟಿಸುವ ವಿಮೆ ಸೇರಿದರೆ ನಿಜವಾದ ದರ ಇನ್ನೂ ಮೇಲೇರುತ್ತದೆ.

ಐದು ವರ್ಷದ ಪೂರ್ತಿ ಲೆಕ್ಕಕ್ಕೆ ಬರೋಣ. ಆಗ ಹೊಸ ಕಾರಿಗೆ ಐದು ವರ್ಷ ತುಂಬಿರುತ್ತದೆ, ಹಳೆಯದಕ್ಕೆ ಏಳು. ಮೊದಲನೆಯದು 3.30 ಲಕ್ಷಕ್ಕೂ ಎರಡನೆಯದು 2.30 ಲಕ್ಷಕ್ಕೂ ಹೋಗಬಹುದು ಎಂದು ಹಿಡಿಯೋಣ. ಮಾದರಿಯಿಂದ ಮಾದರಿಗೆ ಇದು ಬದಲಾಗುತ್ತದೆ, ಆದರೆ ಇಬ್ಬರಿಗೂ ಒಂದೇ ಅಳತೆಗೋಲು ಇಟ್ಟಂತಾಯಿತು. ಹೊಸದರಲ್ಲಿ ಕರಗಿದ್ದು 4 ಲಕ್ಷ, ಹಳೆಯದರಲ್ಲಿ 3.10 ಲಕ್ಷ. ಕೊಳ್ಳುವಾಗ 1.90 ಲಕ್ಷವೆಂದು ಕಂಡ ಲಾಭದಲ್ಲಿ ನಿಜವಾಗಿ ಉಳಿದದ್ದು 90 ಸಾವಿರ, ಏಕೆಂದರೆ ಹೊಸದಕ್ಕೆ ಹೆಚ್ಚು ಕೊಟ್ಟ ಹಣದಲ್ಲಿ ಒಂದು ಲಕ್ಷ ಮಾರುವಾಗ ವಾಪಸ್ ಬರುತ್ತದೆ. ಬಡ್ಡಿಯ ವ್ಯತ್ಯಾಸ ಕಳೆದರೆ 85 ಸಾವಿರ. ಇನ್ನು ರಿಪೇರಿ. ಕಾರಿನ ಮೂರರಿಂದ ಏಳನೆಯ ವರ್ಷದವರೆಗಿನ ಅವಧಿ ಹಳೆಯದನ್ನು ಕೊಂಡವರ ಪಾಲಿಗೆ ಬರುತ್ತದೆ. ನಾಲ್ಕು ಟೈರು, ಬ್ಯಾಟರಿ, ಕ್ಲಚ್ ಪ್ಲೇಟು, ಸಸ್ಪೆನ್ಷನ್ ಬುಷ್‌ಗಳು, ಎ.ಸಿ. ಸಂಬಂಧಿ ಕೆಲಸ ಹೆಚ್ಚಾಗಿ ಎದುರಾಗುವುದು ಈ ಕಾಲದಲ್ಲೇ. ಹೊಸ ಕಾರಿನ ಮೊದಲ ಐದು ವರ್ಷಕ್ಕೆ ಹೋಲಿಸಿದರೆ 40–50 ಸಾವಿರ ಹೆಚ್ಚು ಖರ್ಚೆಂದು ಹಿಡಿಯುವುದು ದುಂದಿನ ಅಂದಾಜೇನಲ್ಲ. ಕೊನೆಗೆ ಉಳಿಯುವುದು 35–45 ಸಾವಿರ, ತಿಂಗಳಿಗೆ ಆರೇಳು ನೂರು ರೂಪಾಯಿ. ಒಂದು ಗೇರ್‌ಬಾಕ್ಸ್ ಕೆಲಸ ಬಂದರೆ ಅದೂ ಹೋಯಿತು. ಇಷ್ಟು ಉಳಿತಾಯಕ್ಕಾಗಿ ಇನ್ನೊಬ್ಬರು ಹೇಗೆ ಓಡಿಸಿದ್ದರೋ ಗೊತ್ತಿಲ್ಲದ ಗಾಡಿಯನ್ನು ಸಾಲ ಮಾಡಿ ತರುವುದು ಬೇಡ ಎಂಬುದು ನನ್ನ ಅಭಿಪ್ರಾಯ.

ಪೂರ್ತಿ ಹಣ ಕೊಟ್ಟು ಕೊಳ್ಳುವವರ ಲೆಕ್ಕ ಬೇರೆಯೇ ಆಗುತ್ತದೆ. ಅವರು ಹಳೆಯದನ್ನು ಕೊಂಡು ಉಳಿಸಿದ 1.90 ಲಕ್ಷವನ್ನು ಶೇ 6.5ರ ಠೇವಣಿಯಲ್ಲಿ ಇಟ್ಟರೂ ಐದು ವರ್ಷಕ್ಕೆ 70 ಸಾವಿರದಷ್ಟು ಬಡ್ಡಿ ಬರುತ್ತದೆ. 90 ಸಾವಿರಕ್ಕೆ ಇದನ್ನು ಸೇರಿಸಿ ರಿಪೇರಿ ಕಳೆದರೂ ಒಂದು ಲಕ್ಷಕ್ಕಿಂತ ಹೆಚ್ಚು ಕೈಯಲ್ಲಿ ನಿಲ್ಲುತ್ತದೆ. ಕಾರು ಅದೇ, ಬೆಲೆ ಅದೇ. ಒಬ್ಬರಿಗೆ ನಲವತ್ತು ಸಾವಿರದ ಲಾಭ, ಇನ್ನೊಬ್ಬರಿಗೆ ಲಕ್ಷ ಮೀರಿದ ಲಾಭ. ವ್ಯತ್ಯಾಸ ಇರುವುದು ಹಣ ಎಲ್ಲಿಂದ ಬಂತು ಎಂಬುದರಲ್ಲಿ. ಸಾಲವೇ ಆದರೂ ಮೂಲ ಅಗ್ಗದ್ದಾಗಿದ್ದರೆ ಹೀಗೆಯೇ. ನೌಕರರ ಸಹಕಾರ ಸಂಘದಲ್ಲಿ ಶೇ 9.5ಕ್ಕೆ ಸಾಲ ಸಿಕ್ಕವರಿಗೆ ಅದೇ 3.40 ಲಕ್ಷದ ಬಡ್ಡಿ 90 ಸಾವಿರದೊಳಗೆ ಮುಗಿಯುತ್ತದೆ. ಅವರು ಹಳೆಯ ಕಾರನ್ನು ಧಾರಾಳವಾಗಿ ನೋಡಬಹುದು.

ವಾರಂಟಿಯ ಮಾತು ಬಂದಾಗ ಎರಡೂ ಕಡೆ ಉತ್ಪ್ರೇಕ್ಷೆಯಿದೆ. ವಾರಂಟಿ ಇದೆಯೆಂದರೆ ಖರ್ಚೇ ಇಲ್ಲ ಎಂದಲ್ಲ. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟು, ವೈಪರ್, ಫಿಲ್ಟರ್ ಮುಂತಾದ ಸವೆಯುವ ಭಾಗಗಳು ಅದರಲ್ಲಿ ಸೇರುವುದಿಲ್ಲ. ಅದು ಕಾಯುವುದು ಅಪರೂಪಕ್ಕೆ ಕೆಡುವ, ಆದರೆ ಕೆಟ್ಟರೆ ಜೇಬು ಸುಡುವ ಭಾಗಗಳನ್ನು: ಇಂಜಿನ್ ನಿಯಂತ್ರಿಸುವ ಇಸಿಯು, ಸ್ಟೀರಿಂಗ್‌ನ ಮೋಟರು, ಎ.ಸಿ. ಕಂಪ್ರೆಸರ್, ಗೇರ್‌ಬಾಕ್ಸ್. ಎರಡು ವರ್ಷದ ಕಾರಿಗೆ ಇದು ಉಳಿದಿದೆಯೇ ಎಂಬುದು ಅದು ಎಂದು ಮಾರಾಟವಾಯಿತು ಎಂಬುದರ ಮೇಲೆ ನಿಂತಿದೆ. ಉದಾಹರಣೆಗೆ ಮಾರುತಿ ಸುಜುಕಿ 2024ರ ಜುಲೈವರೆಗೆ ಕೊಡುತ್ತಿದ್ದುದು ಎರಡು ವರ್ಷ ಅಥವಾ 40,000 ಕಿಲೋಮೀಟರ್‌ನ ವಾರಂಟಿ. ಆ ಜುಲೈನಿಂದ ಅದು ಮೂರು ವರ್ಷ ಅಥವಾ ಒಂದು ಲಕ್ಷ ಕಿಲೋಮೀಟರ್ ಆಯಿತು. 2024ರ ಜೂನ್‌ನಲ್ಲಿ ಮನೆಗೆ ಬಂದ ಕಾರು ಮತ್ತು ಅದೇ ವರ್ಷ ಆಗಸ್ಟ್‌ನಲ್ಲಿ ಬಂದ ಕಾರು ಮಾರುಕಟ್ಟೆಯಲ್ಲಿ ಹೆಚ್ಚುಕಡಿಮೆ ಒಂದೇ ಬೆಲೆಗೆ ನಿಂತಿರಬಹುದು, ಆದರೆ ಎರಡು ವರ್ಷ ತುಂಬುವಾಗ ಮೊದಲನೆಯದರ ವಾರಂಟಿ ಮುಗಿದಿರುತ್ತದೆ, ಎರಡನೆಯದಕ್ಕೆ ಇನ್ನೊಂದು ವರ್ಷ ಇರುತ್ತದೆ. ಕಂಪನಿಯ ವಾರಂಟಿ ಸಾಮಾನ್ಯವಾಗಿ ಕಾರಿನೊಂದಿಗೇ ಹೊಸ ಮಾಲೀಕನಿಗೆ ಬರುತ್ತದೆ. ನಿಗದಿತ ಸರ್ವಿಸ್ ತಪ್ಪಿಸಿದ್ದರೆ ಅಥವಾ ಹೊರಗೆ ಸಿಎನ್‌ಜಿ ಕಿಟ್ ಹಾಕಿಸಿದ್ದರೆ ಕ್ಲೇಮ್ ತಿರಸ್ಕೃತವಾಗುವ ಸಂಭವ ಹೆಚ್ಚು. ವಿಸ್ತರಿತ ವಾರಂಟಿಯನ್ನು ಸಾಮಾನ್ಯವಾಗಿ ಮೂಲ ವಾರಂಟಿ ಮುಗಿಯುವುದರೊಳಗೇ ಕೊಳ್ಳಬೇಕು. ಮೊದಲ ಮಾಲೀಕ ಅದನ್ನು ತೆಗೆದುಕೊಂಡಿದ್ದರೆ ಆ ಕಾರಿಗೆ ಹತ್ತು ಹದಿನೈದು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹಳೆ ಕಾರಿನ ಮಳಿಗೆಗಳು ತಾವೇ ಕೊಡುವ ಆರು ತಿಂಗಳ ಅಥವಾ ಒಂದು ವರ್ಷದ ವಾರಂಟಿಯನ್ನು ಇದಕ್ಕೆ ಸಮವೆಂದು ನಂಬಬೇಡಿ. ಅದು ಎಷ್ಟೋ ಸಲ ಇಂಜಿನ್ ಮತ್ತು ಗೇರ್‌ಬಾಕ್ಸ್‌ಗೆ ಮಾತ್ರ ಸೀಮಿತ. ಕಾಗದ ಓದಿಯೇ ಒಪ್ಪಬೇಕು.

ಇಲ್ಲಿ ಒಂದು ಆಕ್ಷೇಪ ಸಹಜವಾಗಿ ಏಳುತ್ತದೆ. ಬಡ್ಡಿ ಎಷ್ಟಾದರೂ ಇರಲಿ, ತಿಂಗಳ ಕಂತು ಕಟ್ಟಬೇಕಲ್ಲ? ಹೊಸದಕ್ಕೆ ತಿಂಗಳಿಗೆ 11,000, ಹಳೆಯದಕ್ಕೆ 7,900. ಸಂಬಳದಲ್ಲಿ ಮೂರು ಸಾವಿರ ರೂಪಾಯಿ ಸಣ್ಣ ಮಾತಲ್ಲ, ಮನೆ ನಡೆಸುವವರಿಗೆ ಇದೇ ಮೊದಲ ಪ್ರಶ್ನೆ. ಹೊಸ ಕಾರಿನ ಸಾಲ ಏಳು ವರ್ಷಕ್ಕೂ ಸಿಗುತ್ತದೆ; ಆಗ ಕಂತು 8,500ಕ್ಕೆ ಇಳಿದು ಅಂತರ ಆರುನೂರಕ್ಕೆ ಬರುತ್ತದೆ, ಒಟ್ಟು ಬಡ್ಡಿ ಮಾತ್ರ 1.86 ಲಕ್ಷಕ್ಕೆ ಏರುತ್ತದೆ. ಶೋರೂಮಿನವರು ಈ ಏಳು ವರ್ಷವನ್ನು ಉತ್ಸಾಹದಿಂದ ಮುಂದಿಡುತ್ತಾರೆ. ನಡುವೆ ಬೋನಸ್ಸೋ ಫಸಲಿನ ಹಣವೋ ಬಂದಾಗ ಅಸಲು ತೀರಿಸುವ ಖಚಿತ ಯೋಜನೆ ಇದ್ದರಷ್ಟೇ ಇದನ್ನು ಒಪ್ಪಬೇಕು, ಅವಧಿಗೆ ಮುನ್ನ ಕಟ್ಟಿದರೆ ಶುಲ್ಕವಿದೆಯೇ ಎಂದು ಮೊದಲೇ ಕೇಳಿರಬೇಕು. ಐದು ವರ್ಷದ 11,000 ಆಗದು, ಏಳು ವರ್ಷದ ಹೊರೆಯೂ ಬೇಡ ಎನ್ನುವವರು ಮೇಲಿನ ವೇರಿಯಂಟ್ ಬಿಟ್ಟು ಕೆಳಗಿನ ವೇರಿಯಂಟಿನ ಹೊಸ ಕಾರು ನೋಡುವುದು ಒಳಿತು. ಅಲಾಯ್ ವೀಲೂ ದೊಡ್ಡ ಟಚ್‌ಸ್ಕ್ರೀನೂ ಇಲ್ಲದಿದ್ದರೆ ಅದೇ ಇಂಜಿನ್ನಿನ ಕಾರು ಎಪ್ಪತ್ತು ಎಂಬತ್ತು ಸಾವಿರ ಕಡಿಮೆಗೆ ಬರುವುದುಂಟು. ಇದು ಯಾವುದೂ ಆಗದಿದ್ದರೆ ಇನ್ನೊಂದು ವರ್ಷ ಕಾದು ಕೈಹಣ ಹೆಚ್ಚಿಸಿಕೊಳ್ಳುವುದು ಶೇ 14ರ ಸಾಲಕ್ಕಿಂತ ಮೇಲು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಅದೇ 7.30 ಲಕ್ಷಕ್ಕೆ ಹೊಸ ಸಣ್ಣ ಕಾರಿನ ಬದಲು ಎರಡು ವರ್ಷದ ದೊಡ್ಡ ಕಾರು ಬರುತ್ತದಲ್ಲ? ಹೌದು, ಮತ್ತು ಅಲ್ಲಿ ಹಳೆಯದರ ವಾದ ನಿಜಕ್ಕೂ ಬಲವಾಗುತ್ತದೆ. ಹತ್ತು ಲಕ್ಷ ದಾಟಿದ ಕಾರಿಗೆ ನಮ್ಮ ರಾಜ್ಯದ ತೆರಿಗೆ ಶೇ 17ಕ್ಕೆ ಜಿಗಿಯುತ್ತದೆ. ಮೊದಲ ಮಾಲೀಕ ಕಳೆದುಕೊಳ್ಳುವ ಮೊತ್ತ ರೂಪಾಯಿ ಲೆಕ್ಕದಲ್ಲಿ ದೊಡ್ಡದು, ಹಾಗಾಗಿ ಎರಡನೆಯವರಿಗೆ ಉಳಿಯುವುದೂ ದೊಡ್ಡದು. ಆದರೆ ದೊಡ್ಡ ಕಾರಿನ ಟೈರು, ವಿಮೆ, ಇಂಧನ ಎಲ್ಲವೂ ದೊಡ್ಡ ಕಾರಿನ ಬೆಲೆಯಲ್ಲೇ ಬರುತ್ತವೆ; ಕೊಳ್ಳುವಾಗ ಸಿಕ್ಕ ರಿಯಾಯಿತಿ ಅವುಗಳಿಗೆ ಅನ್ವಯಿಸುವುದಿಲ್ಲ. ಮನೆಯಲ್ಲಿ ಆರು ಜನ ಇದ್ದು ಜಾಗವೇ ಬೇಕಾದವರು ಈ ದಾರಿ ಹಿಡಿಯಲಿ. ಸಣ್ಣ ಕಾರು ಸಾಕು ಎನ್ನುವವರನ್ನು ಇದು ದಾರಿ ತಪ್ಪಿಸುತ್ತದೆ.

ಹಾಗಾದರೆ ಸಾಲ ಮಾಡಿಯೂ ಎರಡು ವರ್ಷದ ಸಣ್ಣ ಕಾರು ಯಾವಾಗ ಗೆಲ್ಲುತ್ತದೆ? ಎಲ್ಲ ಖರ್ಚು ಸೇರಿ ಅದರ ಬೆಲೆ ಇಂದಿನ ಹೊಸ ಕಾರಿನ ಆನ್‌ರೋಡ್ ಬೆಲೆಯ ಮೂರನೇ ಎರಡು ಭಾಗದೊಳಗೆ ಬಂದಾಗ. ನಮ್ಮ ಉದಾಹರಣೆಯಲ್ಲಿ ಅದು 4.87 ಲಕ್ಷ. ಆ ಬೆಲೆಗೆ ಸಿಕ್ಕರೆ ಶೇ 14ರ ಬಡ್ಡಿ, ರಿಪೇರಿ ಎಲ್ಲ ಕಳೆದೂ ಲಕ್ಷ ರೂಪಾಯಿ ಉಳಿಯುತ್ತದೆ. ಆದರೆ ಮರುಮಾರಾಟದ ಬೆಲೆಗೆ ಹೆಸರಾದ ಮಾದರಿಗಳು ಈ ಬೆಲೆಗೆ ಸಿಗುವುದಿಲ್ಲ, ಸಿಕ್ಕರೆ ಅನುಮಾನಪಡಬೇಕು. ಬೇಡಿಕೆ ಹೆಚ್ಚಿರುವ ಕಾರನ್ನು ಹೊಸದಾಗಿ ಕೊಂಡರೆ ಮಾರುವಾಗ ಲಾಭ. ಅದನ್ನೇ ಹಳೆಯದಾಗಿ ಕೊಂಡರೆ ಆ ಒಳ್ಳೆಯ ಹೆಸರಿನ ಬೆಲೆಯನ್ನು ನೀವೇ ಕೊಟ್ಟಂತಾಯಿತು. ಬೇಡಿಕೆ ಮಂದವಿರುವ, ಆದರೆ ನಿಮ್ಮ ಊರಿನಲ್ಲೇ ಒಳ್ಳೆಯ ಸರ್ವಿಸ್ ಸೆಂಟರ್ ಇರುವ ಮಾದರಿಯನ್ನು ಹುಡುಕುವುದು ಲಾಭದಾಯಕ. ಹೊರರಾಜ್ಯದ ನೋಂದಣಿಯ ಅಗ್ಗದ ಕಾರು ಕಂಡಾಗಲೂ ಹುಷಾರು: ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ ತಂದು, ವಯಸ್ಸಿನ ರಿಯಾಯಿತಿ ಕಳೆದು, ಇಲ್ಲಿನ ಜೀವಿತಾವಧಿ ತೆರಿಗೆಯನ್ನು ಮತ್ತೆ ಕಟ್ಟಬೇಕಾಗುತ್ತದೆ. ಎರಡೇ ವರ್ಷದ ಕಾರಿಗೆ ಆ ರಿಯಾಯಿತಿ ಅಲ್ಪ.

ಕಾರು ನೋಡಲು ಹೋದಾಗ ಬಾನೆಟ್ ಎತ್ತುವ ಮೊದಲು ಬಗ್ಗಿ ಟೈರಿನ ಪಕ್ಕವನ್ನು ನೋಡಿ. ಡಿಒಟಿ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ. 1524 ಎಂದಿದ್ದರೆ 2024ರ ಹದಿನೈದನೆಯ ವಾರ ತಯಾರಾದ ಟೈರು. ಮೀಟರಿನಲ್ಲಿ 22 ಸಾವಿರ ಕಿಲೋಮೀಟರ್ ತೋರಿಸುವ ಕಾರಿಗೆ ನಾಲ್ಕೂ ಟೈರು ಕಾರಿಗಿಂತ ಹೊಸದಾಗಿದ್ದರೆ ಏನೋ ಎಡವಟ್ಟಾಗಿದೆ. ಕಂಪನಿಯ ಟೈರು ಸಾಮಾನ್ಯವಾಗಿ ಅದರ ಎರಡು ಪಟ್ಟು ಓಡುತ್ತದೆ. ನಂಬರ್ ಕೊಟ್ಟು ಅಧಿಕೃತ ಸರ್ವಿಸ್ ಸೆಂಟರ್‌ನಲ್ಲಿ ಸರ್ವಿಸ್ ದಾಖಲೆ ತೆಗೆಸಿದರೆ ಪ್ರತಿ ಭೇಟಿಯ ಕಿಲೋಮೀಟರ್ ಅಲ್ಲಿರುತ್ತದೆ. ಆರ್‌ಸಿಯಲ್ಲಿ ಹೈಪೋಥಿಕೇಷನ್ ಉಳಿದಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35 ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ವಿಮೆಯನ್ನು ಹದಿನಾಲ್ಕು ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ, ಇಲ್ಲವಾದರೆ ನಿಮ್ಮ ಕಾರಿಗಾದ ಹಾನಿಯ ಪರಿಹಾರಕ್ಕೆ ತಕರಾರು ಬರುತ್ತದೆ. ಹಳೆಯ ಮಾಲೀಕನ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. ಇನ್ನೊಂದು ವಿಷಯ: ಎರಡು ವರ್ಷ ದಾಟಿದ ಕಾರಿನ ಮೌಲ್ಯವನ್ನು ವಿಮಾ ಕೋಷ್ಟಕ ಎಕ್ಸ್ ಶೋರೂಂ ಬೆಲೆಗಿಂತ ಶೇ 30 ಕಡಿಮೆಯೆಂದು ಹಿಡಿಯುತ್ತದೆ. ಆರು ಲಕ್ಷದ ಕಾರಿಗೆ ಅದು 4.20 ಲಕ್ಷ. 5.20 ಕೊಟ್ಟು ತಂದ ಕಾರು ಕಳುವಾದರೆ ಒಂದು ಲಕ್ಷ ನಿಮ್ಮ ಕೈಯಿಂದ ಹೋದಂತೆ, ಕ್ಲೇಮ್ ಇತ್ಯರ್ಥವಾಗುವವರೆಗೆ ಸಾಲದ ಕಂತೂ ನಿಲ್ಲುವುದಿಲ್ಲ.

2024ರ ಅಕ್ಟೋಬರ್ 1ರಿಂದ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ಪ್ರತಿ ಹೊಸ ಚಿಲ್ಲರೆ ಸಾಲಕ್ಕೆ ‘ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್’ ಎಂಬ ಹಾಳೆಯನ್ನು ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಶುಲ್ಕಗಳೆಲ್ಲ ಸೇರಿದ ವಾರ್ಷಿಕ ದರ, ಅಂದರೆ ಎಪಿಆರ್, ಅದರಲ್ಲಿರುತ್ತದೆ; ಫ್ಲಾಟ್ ದರದ ಮಾತು ಅಲ್ಲಿ ನಡೆಯುವುದಿಲ್ಲ. ಹೊಸ ಕಾರಿಗೊಂದು, ಹಳೆಯ ಕಾರಿಗೊಂದು ಎರಡೂ ಹಾಳೆ ತರಿಸಿ ಪಕ್ಕಪಕ್ಕ ಇಟ್ಟು ನೋಡಿ. ಅಲ್ಲಿಯವರೆಗೆ ಯಾವ ಕಾರಿಗೂ ಟೋಕನ್ ಹಣ ಕೊಡಬೇಡಿ.